ಬೀದಿಯ ಫೋಟೋದಿಂದ ವಿದ್ಯುತ್ ತಂತಿ, ಕಂಬ ಅಳಿಸುವುದು ಹೇಗೆ? ಮನೆಯ ಗೆರೆಗಳು ಸೊಟ್ಟಗಾಗದಂತೆ ಹಂತ ಹಂತದ ಕ್ರಮ

ಹಳೆಯ ಮನೆಗಳ, ಬೀದಿಗಳ ಫೋಟೋ ತೆಗೆಯುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಆಕಾಶದಲ್ಲಿರುವ ತಂತಿ ಸಲೀಸಾಗಿ ಹೋಗುತ್ತದೆ. ಅದೇ ತಂತಿ ಮನೆಯ ಅಂಚನ್ನು ದಾಟುವ ಕಡೆ ಮಾತ್ರ ಗೋಡೆಯ ಮೇಲ್ತುದಿಯ ಕಾರ್ನಿಸ್ ಪಟ್ಟಿ ಡೊಂಕಾಗುತ್ತದೆ, ಕಿಟಕಿಯ ಚೌಕಟ್ಟು ಕರಗಿದ ಹಾಗೆ ಕಾಣುತ್ತದೆ. ಏನು ಮಾಡಬೇಕು?"

ಹೀಗಾಗಲು ಮುಖ್ಯವಾಗಿ ಎರಡು ಕಾರಣ. ಆಕಾಶಕ್ಕೆ ಹೊಂದುವ ಉಪಕರಣವನ್ನೇ ಅಂಚಿನ ಮೇಲೂ ಬಳಸುವುದು ಒಂದು. ಸುಲಭವಾದ ಆಕಾಶವನ್ನು ಮೊದಲು ಮುಗಿಸಿ, ಕಷ್ಟದ ಅಂಚನ್ನು ಕೊನೆಗೆ ಉಳಿಸಿಕೊಳ್ಳುವುದು ಇನ್ನೊಂದು. ಈ ಲೇಖನದ ಕ್ರಮ ಅದಕ್ಕೆ ತದ್ವಿರುದ್ಧ. ಮೊದಲು ಗೆರೆಗಳು, ಆಮೇಲೆ ಗೋಡೆ, ಕಟ್ಟಕಡೆಗೆ ಆಕಾಶ.

ಉದಾಹರಣೆಗೆ ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿ ಕಡೆ ಅಲ್ಲಲ್ಲಿ ಉಳಿದಿರುವಂಥ ಒಂದು ಮಂಕಿ ಟಾಪ್ ಮನೆಯನ್ನು ತೆಗೆದುಕೊಳ್ಳೋಣ. ಕಿಟಕಿಯ ಅಥವಾ ಪಡಸಾಲೆಯ ಮೇಲ್ಗಡೆ, ಮರದ ಪಟ್ಟಿಗಳನ್ನು ಸಾಲಾಗಿ ಜೋಡಿಸಿ ಮಾಡಿದ ಚೂಪು ತಲೆಯ ಮರೆಯೇ ಮಂಕಿ ಟಾಪ್. ಫೋಟೋದ ಅಳತೆ 6000×4000 ಪಿಕ್ಸೆಲ್. ರಸ್ತೆಯ ಓರೆಯಿಂದ ತೆಗೆದದ್ದರಿಂದ ಮನೆಯ ಮೇಲ್ಭಾಗದ ಅಡ್ಡಗೆರೆಗಳು ಬಲಕ್ಕೆ ಹೋಗುತ್ತಾ ಕೆಳಗಿಳಿಯುತ್ತವೆ. ಗೋಡೆಯ ಮುಂದೆ ಒಂದು ಸಿಮೆಂಟ್ ಕಂಬ, ಅದರ ಅಗಲ ಅಂಚಿನ ಮಬ್ಬೂ ಸೇರಿ 110 ಪಿಕ್ಸೆಲ್. ಕಂಬದಿಂದ ಐದು ತಂತಿಗಳು ಹಾದಿವೆ: ಮೂರು ಫೇಸ್, ಒಂದು ನ್ಯೂಟ್ರಲ್, ಬೀದಿ ದೀಪಕ್ಕೆ ಒಂದು. ಪ್ರತಿಯೊಂದೂ ಸುಮಾರು 6 ಪಿಕ್ಸೆಲ್ ದಪ್ಪ. ಇವಲ್ಲದೆ ಕಂಬದಿಂದ ಮನೆಯ ಗೋಡೆಗೆ ಹೋಗುವ ಸರ್ವಿಸ್ ವೈರ್ ಒಂದಿದೆ.

ಏನೇನು ಬೇಕು

ಸಾಫ್ಟ್‌ವೇರ್ ಆಗಿ GIMP ಸಾಕು, ಅದು ಉಚಿತ. ಕೆಳಗಿನ ಹಂತಗಳೆಲ್ಲ ಅದರದ್ದೇ. Photoshop ಬಳಸುವವರಿಗೂ ಕ್ರಮ ಇದೇ. ಮೂಲ ಜಾಗವನ್ನು ಗುರುತಿಸಲು Ctrl ಬದಲು Alt ಒತ್ತಬೇಕು, Perspective Clone ಮಾಡುವ ಕೆಲಸಕ್ಕೆ ಅಲ್ಲಿ Vanishing Point ಇದೆ. ಮೌಸ್ ಇದ್ದರೆ ಒಳ್ಳೆಯದು. ಲ್ಯಾಪ್‌ಟಾಪ್‌ನ ಟಚ್‌ಪ್ಯಾಡ್‌ನಲ್ಲಿ ಒಂದು ಪಿಕ್ಸೆಲ್ ಲೆಕ್ಕದ ಕೆಲಸ ಹಿಡಿತಕ್ಕೆ ಸಿಗುವುದಿಲ್ಲ.

ಫೋಟೋದ ಮೂಲ ಕಡತವನ್ನೇ ಬಳಸಿ. ವಾಟ್ಸ್‌ಆಪ್‌ನಲ್ಲಿ ಬಂದ ಪ್ರತಿ ಬೇಡ. ಹೆಚ್ಚು ಕುಗ್ಗಿಸಿದ JPEG ಕಡತದಲ್ಲಿ ತಂತಿಯ ಎರಡೂ ಪಕ್ಕ ಸಣ್ಣ ಕಲೆಗಳು ಮೂಡಿರುತ್ತವೆ. ತಂತಿ ಹೋದ ಮೇಲೂ ಅವು ಅದರ ಗುರುತನ್ನು ಉಳಿಸುತ್ತವೆ.

ಮತ್ತೆ ಬಳಸುವ ನಾಲ್ಕು ಪದಗಳನ್ನು ಇಲ್ಲೇ ಹೇಳಿಬಿಡುತ್ತೇನೆ. ಲೇಯರ್ ಎಂದರೆ ಫೋಟೋದ ಮೇಲೆ ಹಾಸಿದ ಪಾರದರ್ಶಕ ಹಾಳೆ. ಅದರ ಮೇಲೆ ಮಾಡಿದ ಕೆಲಸ ಮೂಲ ಫೋಟೋವನ್ನು ಮುಟ್ಟುವುದಿಲ್ಲ. ಮಾಸ್ಕ್ ಎಂದರೆ ಲೇಯರ್‌ನ ಯಾವ ಭಾಗ ಕಾಣಬೇಕು, ಯಾವುದು ಮರೆಯಾಗಬೇಕು ಎಂದು ಹೇಳುವ ಕಪ್ಪು ಬಿಳುಪು ಪದರ. ಬಿಳಿ ಬಳಿದ ಕಡೆ ಕಾಣುತ್ತದೆ, ಕಪ್ಪು ಬಳಿದ ಕಡೆ ಮರೆಯಾಗುತ್ತದೆ. ಕ್ಲೋನ್ ಒಂದು ಜಾಗದ ಪಿಕ್ಸೆಲ್‌ಗಳನ್ನು ಇದ್ದ ಹಾಗೇ ಇನ್ನೊಂದು ಜಾಗಕ್ಕೆ ತರುತ್ತದೆ. ಹೀಲ್ ಹಾಗೆ ತಂದದ್ದರ ಬಣ್ಣ, ಬೆಳಕನ್ನು ಹೊಸ ಜಾಗದ ಸುತ್ತಮುತ್ತಲಿಗೆ ಹೊಂದಿಸುತ್ತದೆ.

ಅಂಚು ಹಾಳಾಗುವುದರ ಮೂಲ ಈ ಕೊನೆಯ ಎರಡರ ವ್ಯತ್ಯಾಸದಲ್ಲೇ ಇದೆ. ಹೀಲ್ ಬ್ರಷ್‌ನ ಒಂದು ಪಕ್ಕ ತಿಳಿ ಆಕಾಶ, ಇನ್ನೊಂದು ಪಕ್ಕ ಕಂದು ಕಾರ್ನಿಸ್ ಇದ್ದರೆ ಅದು ಎರಡಕ್ಕೂ ಹೊಂದಿಸಲು ಹೋಗಿ ನಡುವೆ ಕೊಳಕು ಮಬ್ಬನ್ನು ಬಿಡುತ್ತದೆ. ಆದ್ದರಿಂದ ಅಂಚಿನ ಮೇಲೆ ಯಾವಾಗಲೂ ಕ್ಲೋನ್. ಅಂಚಿನಿಂದ ಕನಿಷ್ಠ ಒಂದು ಬ್ರಷ್ ಅಗಲದಷ್ಟು ದೂರ ಸರಿದ ಮೇಲಷ್ಟೇ ಹೀಲ್.

ಹಂತ 1: ಕ್ಯಾಮೆರಾ ಕೈಯಲ್ಲಿರುವಾಗಲೇ ಮಾಡುವ ಕೆಲಸ

ಮನೆ ಇನ್ನೂ ಎದುರಿಗಿದ್ದರೆ ಮೂರು ಫೋಟೋ ತೆಗೆಯಿರಿ. ನಿಮಗೆ ಬೇಕಾದ ನೋಟದ್ದು ಒಂದು, ಅಲ್ಲಿಂದ ಎರಡು ಹೆಜ್ಜೆ ಎಡಕ್ಕೆ ಸರಿದು ಒಂದು, ಎರಡು ಹೆಜ್ಜೆ ಬಲಕ್ಕೆ ಸರಿದು ಒಂದು. ಕಂಬ ನಿಮಗೆ ಹತ್ತಿರ, ಗೋಡೆ ದೂರ. ನೀವು ಸರಿದಾಗ ಗೋಡೆಯ ಲೆಕ್ಕದಲ್ಲಿ ಕಂಬ ಹೆಚ್ಚು ಪಕ್ಕಕ್ಕೆ ಹೋಗುತ್ತದೆ, ಅದರ ಹಿಂದೆ ಅಡಗಿದ್ದ ಕಿಟಕಿ ಕಾಣಿಸುತ್ತದೆ. ಮರೆಯಾದದ್ದನ್ನು ಊಹಿಸಿ ಬರೆಯುವ ಬದಲು ನಿಜವಾದದ್ದನ್ನೇ ತಂದು ಕೂರಿಸಬಹುದು. ಮೂರಕ್ಕೂ ಜೂಮ್ ಮತ್ತು ಎಕ್ಸ್‌ಪೋಶರ್ ಒಂದೇ ಇರಲಿ.

ಎರಡು ಕಂಬಗಳ ಮೇಲೆ ಟ್ರಾನ್ಸ್‌ಫಾರ್ಮರ್ ಕೂತಿರುವ ಜಾಗವಾದರೆ ಬೇರೆ ಕೋನ ಹುಡುಕಿ. ಅದು ಗೋಡೆಯ ದೊಡ್ಡ ಭಾಗವನ್ನೇ ನುಂಗಿರುತ್ತದೆ, ಅದನ್ನು ಅಳಿಸಿ ಮಾಡಿದ ಗೋಡೆ ಆ ಮನೆಯದ್ದಾಗಿ ಉಳಿಯುವುದಿಲ್ಲ.

ಹಂತ 2: ಗೆರೆಗಳನ್ನು ಮೊದಲು ನೇರ ಮಾಡಿ

ಅಗಲ ನೋಟದ ಲೆನ್ಸ್ ನೇರ ಗೆರೆಯನ್ನು ಹೊರಕ್ಕೆ ಬಾಗಿಸುತ್ತದೆ. ಬಾಗಿದ ಕಾರ್ನಿಸ್‌ನಲ್ಲಿ ಕಂಬದ ಎಡಗಡೆಯ ತುಂಡಿನ ಓಟವೇ ಬೇರೆ, ಬಲಗಡೆಯದ್ದೇ ಬೇರೆ. ನಡುವಿನ ತೇಪೆಯನ್ನು ಎಷ್ಟು ಜಾಣತನದಿಂದ ಹಾಕಿದರೂ ಅಲ್ಲಿ ಮುರಿದ ಹಾಗೆ ಕಾಣುತ್ತದೆ. ಅದಕ್ಕೇ ಅಳಿಸುವುದಕ್ಕಿಂತ ಮೊದಲು ಲೆನ್ಸ್ ದೋಷ ತೆಗೆಯಬೇಕು.

`Filters > Distorts > Lens Distortion` ತೆರೆಯಿರಿ. ಫೋಟೋದ ಅಂಚಿಗೆ ಹತ್ತಿರವಿರುವ ಉದ್ದನೆಯ ಗೆರೆಯೊಂದರ ಮೇಲೆ, ಉದಾಹರಣೆಗೆ ಪಕ್ಕದ ಮನೆಯ ಗೋಡೆಯ ಮೂಲೆಯ ಮೇಲೆ, ಕಣ್ಣಿಟ್ಟು `Main` ಅನ್ನು ಸ್ವಲ್ಪ ಸ್ವಲ್ಪವೇ ಸರಿಸಿ. ಆ ಗೆರೆ ನೇರವಾದ ಕೂಡಲೇ ನಿಲ್ಲಿಸಿ. ಆಮೇಲೆ Perspective ಉಪಕರಣದಿಂದ ಲಂಬ ಗೆರೆಗಳನ್ನು ಮಾತ್ರ ನೆಟ್ಟಗೆ ನಿಲ್ಲಿಸಿ. ಅಡ್ಡಗೆರೆಗಳ ಇಳಿಜಾರು ಹಾಗೇ ಇರಲಿ, ಓರೆಯಿಂದ ನೋಡಿದ ಬೀದಿ ಇರುವುದೇ ಹಾಗೆ. ಲಂಬ ಗೆರೆಗಳು ನಿಜಕ್ಕೂ ಲಂಬವಾದರೆ ಕಿಟಕಿಯ ಚೌಕಟ್ಟನ್ನು ಸರಿಪಡಿಸುವಾಗ ಎಡ ಬಲದ ಲೆಕ್ಕವೇ ಬೇಕಾಗುವುದಿಲ್ಲ, ಮೇಲೆ ಕೆಳಗೆ ಸರಿಸಿದರೆ ಸಾಕು.

ಈ ಹಂತವನ್ನು ಕೊನೆಗೆ ಬಿಟ್ಟವರಿಗೆ ಒಂದು ಮಾತು: ಬಾಗಿದ ಗೆರೆಯ ಮೇಲೆ ನೇರವಾದ ತೇಪೆ ಹಾಕಿ, ಆಮೇಲೆ ಲೆನ್ಸ್ ದೋಷ ತೆಗೆದರೆ ಗೆರೆ ನೇರವಾಗುತ್ತದೆ, ತೇಪೆ ಬಾಗುತ್ತದೆ.

ಹಂತ 3: ಗೆರೆಯ ಇಳಿಜಾರನ್ನು ಅಳೆಯಿರಿ

ಹೆಚ್ಚಿನವರು ಬಿಡುವ ಹಂತ ಇದು. ಎರಡು ನಿಮಿಷ ಸಾಕು. Measure ಉಪಕರಣ ಹಿಡಿದು ಕಾರ್ನಿಸ್‌ನ ಮೇಲಂಚಿನ ಒಂದು ಬಿಂದುವಿನಿಂದ ಇನ್ನೊಂದಕ್ಕೆ ಎಳೆಯಿರಿ, ಕೆಳಗಿನ ಪಟ್ಟಿಯಲ್ಲಿ ದೂರ ಮತ್ತು ಕೋನ ಕಾಣುತ್ತದೆ. ಕಂಬದ ಎಡಗಡೆ ಒಮ್ಮೆ, ಬಲಗಡೆ ಒಮ್ಮೆ ಅಳೆಯಿರಿ. ಎರಡೂ ಕೋನ ಹೆಚ್ಚುಕಡಿಮೆ ಒಂದೇ ಬರಬೇಕು. ಅರ್ಧ ಡಿಗ್ರಿಯಷ್ಟು ಬೇರೆ ಬಂದರೆ ಲೆನ್ಸ್ ದೋಷ ಪೂರ್ತಿ ಹೋಗಿಲ್ಲ, ಹಂತ 2ಕ್ಕೆ ಮರಳಿ.

ನಮ್ಮ ಫೋಟೋದಲ್ಲಿ ಕಾರ್ನಿಸ್ 600 ಪಿಕ್ಸೆಲ್ ಬಲಕ್ಕೆ ಹೋಗುವಷ್ಟರಲ್ಲಿ 50 ಪಿಕ್ಸೆಲ್ ಕೆಳಗಿಳಿಯುತ್ತದೆ. ಅಂದರೆ 12ಕ್ಕೆ 1. ಈ ಒಂದು ಸಂಖ್ಯೆಯನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಈ ಗೆರೆಯ ಯಾವ ತುಂಡನ್ನೇ ಆಗಲಿ 60 ಪಿಕ್ಸೆಲ್ ಬಲಕ್ಕೆ ಸರಿಸಿದರೆ 5 ಪಿಕ್ಸೆಲ್ ಕೆಳಕ್ಕೂ ಇಳಿಸಬೇಕು, ಎಡಕ್ಕೆ ಸರಿಸಿದರೆ ಅಷ್ಟೇ ಮೇಲಕ್ಕೆ ಏರಿಸಬೇಕು. ಕಣ್ಣಳತೆಯಲ್ಲಿ ಮಾಡಿದಾಗ ಆಗುವ ಒಂದೆರಡು ಪಿಕ್ಸೆಲ್‌ನ ಮೆಟ್ಟಿಲನ್ನು ಈ ಲೆಕ್ಕ ತಪ್ಪಿಸುತ್ತದೆ.

ಕಾರ್ನಿಸ್, ಕಿಟಕಿಯ ಸಜ್ಜೆ, ಪಾಯದ ಪಟ್ಟಿ ಇವುಗಳ ಇಳಿಜಾರು ಒಂದೇ ಇರುವುದಿಲ್ಲ. ಕ್ಯಾಮೆರಾದ ಎತ್ತರಕ್ಕಿಂತ ಮೇಲಿರುವ ಗೆರೆ ದೂರ ಹೋಗುತ್ತಾ ಇಳಿಯುತ್ತದೆ, ಅದಕ್ಕಿಂತ ಕೆಳಗಿರುವ ಪಾಯದ ಗೆರೆ ಏರುತ್ತದೆ. ಕಂಬದ ಹಿಂದೆ ಹಾಯುವ ಪ್ರತಿ ಗೆರೆಯನ್ನೂ ಬೇರೆಯಾಗಿ ಅಳೆಯಿರಿ.

ಹಂತ 4: ತಂತಿ ಅಂಚನ್ನು ದಾಟುವ ಜಾಗಗಳು

ಹೊಸ ಖಾಲಿ ಲೇಯರ್ ಸೇರಿಸಿ, ಅದಕ್ಕೆ "ಅಂಚು" ಎಂದು ಹೆಸರಿಡಿ. Clone ಉಪಕರಣ ಹಿಡಿದು ಅದರ ಆಯ್ಕೆಗಳಲ್ಲಿ `Sample merged` ಗುರುತು ಹಾಕಿ, `Alignment` ಅನ್ನು `Aligned` ಮಾಡಿ. `Sample merged` ಇಲ್ಲದಿದ್ದರೆ ಖಾಲಿ ಲೇಯರ್‌ನಿಂದಲೇ ನಕಲು ತೆಗೆಯಲು ಹೋಗಿ ಏನೂ ಮೂಡುವುದಿಲ್ಲ. ಬ್ರಷ್ `2. Hardness 075` ಇರಲಿ. ತೀರಾ ಮೆತ್ತನೆಯ ಬ್ರಷ್ ಅಂಚನ್ನು ಮಬ್ಬಾಗಿಸುತ್ತದೆ, 100ರ ಗಟ್ಟಿ ಬ್ರಷ್ ಕತ್ತರಿಸಿ ಅಂಟಿಸಿದ ಗುರುತು ಬಿಡುತ್ತದೆ.

ತಂತಿ 6 ಪಿಕ್ಸೆಲ್ ಇದ್ದರೂ ಬ್ರಷ್ 14ರಿಂದ 16 ಇರಬೇಕು. ಕ್ಯಾಮೆರಾ ತಾನೇ ಮಾಡುವ ಶಾರ್ಪನಿಂಗ್‌ನಿಂದ ತಂತಿಯ ಎರಡೂ ಪಕ್ಕ ಬೆಳ್ಳನೆಯ ಸಣ್ಣ ಗೆರೆ ಬಂದಿರುತ್ತದೆ, ಕೆಲವು ಲೆನ್ಸ್‌ಗಳಲ್ಲಿ ನೇರಳೆ ಅಂಚೂ ಇರುತ್ತದೆ. ಕಪ್ಪು ತಂತಿಯನ್ನಷ್ಟೇ ಅಳಿಸಿದರೆ ಈ ಜೋಡಿ ಗೆರೆಗಳು ಉಳಿದು, ಅಲ್ಲೊಂದು ತಂತಿ ಇತ್ತೆಂದು ಸಾರುತ್ತಿರುತ್ತವೆ.

ಈಗ 300 ಪ್ರತಿಶತ ಜೂಮ್ ಮಾಡಿ. ಅಂಚನ್ನು ಎರಡು ಭಾಗ ಮಾಡಿಕೊಂಡು, ಆಕಾಶದ ಪಕ್ಕ ಬೇರೆ, ಗೋಡೆಯ ಪಕ್ಕ ಬೇರೆ ಬಳಿಯುವವರಿದ್ದಾರೆ. ಅದು ಬೇಡ. ಅಂಚನ್ನೇ ಇಡಿಯಾಗಿ ನಕಲು ಮಾಡಿ. ತಂತಿ ದಾಟುವ ಜಾಗದಿಂದ 36 ಪಿಕ್ಸೆಲ್ ಎಡಕ್ಕೆ, ಕಾರ್ನಿಸ್ ಅಂಚಿನ ಮೇಲೇ ಬ್ರಷ್‌ನ ನಡುಮಧ್ಯ ಬರುವಂತೆ ಇಟ್ಟು Ctrl ಒತ್ತಿ ಕ್ಲಿಕ್ ಮಾಡಿ. ಆಮೇಲೆ ತಂತಿ ದಾಟುವ ಜಾಗದಲ್ಲಿ ಅದೇ ಅಂಚಿನ ಮೇಲೆ, ಅಂದರೆ 36 ಬಲಕ್ಕೆ 3 ಕೆಳಕ್ಕೆ, ಒಮ್ಮೆ ಕ್ಲಿಕ್ ಮಾಡಿ. ಆಕಾಶ, ಅಂಚು, ಅಂಚಿನ ಸಹಜವಾದ ಮೃದುತನ, ಅದರ ಕೆಳಗಿನ ನೆರಳು ಎಲ್ಲವೂ ಒಟ್ಟಿಗೆ ಬಂದು ಕೂರುತ್ತವೆ.

ಮೊದಲ ಕ್ಲಿಕ್‌ನಲ್ಲೇ ಗೆರೆ ಕೂಡಿತೋ ಇಲ್ಲವೋ ನೋಡಿ. ಮೆಟ್ಟಿಲು ಕಂಡರೆ Ctrl+Z ಒತ್ತಿ, ಮೂಲ ಜಾಗವನ್ನು ಹೊಸದಾಗಿ ಗುರುತಿಸಿ. ತಪ್ಪಿದ ತೇಪೆಯ ಮೇಲೆ ಇನ್ನೊಂದು ತೇಪೆ ಹಾಕಬೇಡಿ. ಅಂಚು ಕರಗಿದಂತೆ ಕಾಣುವುದು ಬಹುಪಾಲು ಹೀಗೆ ತೇಪೆ ಮೇಲೆ ತೇಪೆ ಬಿದ್ದಾಗಲೇ.

ಲಂಬ ಅಂಚುಗಳಿಗೆ ಇನ್ನೂ ಸುಲಭದ ದಾರಿಯಿದೆ. ಪಕ್ಕದ ಅಳತೆಪಟ್ಟಿಯಿಂದ ಒಂದು ಗೈಡ್ ಎಳೆದು ಗೋಡೆಯ ಮೂಲೆಯ ಮೇಲೆ ನಿಲ್ಲಿಸಿ, `View > Snap to Guides` ಚಾಲೂ ಮಾಡಿ. ಗೈಡ್‌ನ ಹತ್ತಿರ ಬಂದ ಬ್ರಷ್ ಅದಕ್ಕೆ ಅಂಟಿಕೊಳ್ಳುತ್ತದೆ, ಮೂಲವೂ ಗುರಿಯೂ ಒಂದೇ ಗೆರೆಯ ಮೇಲೆ ಬೀಳುತ್ತವೆ. ಕೆಲಸ ಮುಗಿದ ಮೇಲೆ ಅದನ್ನು ಆರಿಸಿ, ಇಲ್ಲವಾದರೆ ಬೇರೆ ಕಡೆಯೂ ಬ್ರಷ್ ಎಳೆದುಕೊಂಡು ಹೋಗುತ್ತದೆ.

ಮಂಕಿ ಟಾಪ್‌ನ ಮರದ ಪಟ್ಟಿಗಳ ಮೇಲೆ ತಂತಿ ಅಡ್ಡ ಹಾದಿದ್ದರೆ ಪಕ್ಕದ ಪಟ್ಟಿಯಿಂದ ನಕಲು ತೆಗೆಯಬೇಡಿ. ಪಟ್ಟಿಗಳ ನಡುವಿನ ಸಂದು ತುಸು ಆಚೀಚೆಯಾದರೂ ಹಲ್ಲು ಮುರಿದಂತೆ ಕಾಣುತ್ತದೆ. ಪಟ್ಟಿ ನಿಂತಿರುವುದು ಲಂಬವಾಗಿ, ಆದ್ದರಿಂದ ಅದೇ ಪಟ್ಟಿಯ 20 ಪಿಕ್ಸೆಲ್ ಮೇಲಿನ ಭಾಗವನ್ನು ಮೂಲವಾಗಿ ಹಿಡಿದು ನೆಟ್ಟಗೆ ಕೆಳಗೆ ತನ್ನಿ. ಚೂಪು ತಲೆಯ ಇಳಿಜಾರು ಅಂಚಿನಲ್ಲಿ ಮಾತ್ರ ಅದೇ ಇಳಿಜಾರಿನ ಗುಂಟ ಸರಿಸಿ. ಎಲ್ಲ ಕಡೆಗೂ ಸಲ್ಲುವ ನಿಯಮ ಒಂದೇ: ಗೆರೆ ಯಾವ ದಿಕ್ಕಿಗೆ ಓಡುತ್ತದೋ ಮೂಲವೂ ಆ ದಿಕ್ಕಿನಲ್ಲೇ ಇರಬೇಕು.

ಮಂಗಳೂರು ಹೆಂಚಿನ ಸೂರು ಇದಕ್ಕೆ ಸ್ವಲ್ಪ ಬೇರೆ. ಅದರ ಅಂಚು ಗೆರೆಯಲ್ಲ, ಹೆಂಚಿನ ತುದಿಗಳ ಸಾಲು. ಒಂದು ಹೆಂಚಿನ ತುದಿಯಿಂದ ಮುಂದಿನದಕ್ಕೆ ಎಷ್ಟು ಪಿಕ್ಸೆಲ್ ಎಂದು ಅಳೆದು, ಅಷ್ಟನ್ನೇ ಅಥವಾ ಅದರ ಎರಡರಷ್ಟನ್ನು ಸರಿಸಿ. ಒಂದೂವರೆ ಹೆಂಚು ಸರಿಸಿದರೆ ಸಾಲು ತಪ್ಪಿದ್ದು ದೂರದಿಂದಲೂ ಗೊತ್ತಾಗುತ್ತದೆ.

ಪ್ರತಿ ಅಂಚಿನ ಎರಡೂ ಪಕ್ಕ ಸುಮಾರು 30 ಪಿಕ್ಸೆಲ್‌ನಷ್ಟು ತಂತಿಯನ್ನು ಹೀಗೆ ಕ್ಲೋನ್‌ನಿಂದಲೇ ತೆಗೆಯಿರಿ. ಈಗ ಪ್ರತಿ ತಂತಿಯೂ ಮನೆಯಿಂದ ಬೇರೆಯಾಗಿ, ಆಕಾಶದಲ್ಲಿ ತುಂಡುತುಂಡಾಗಿ ಉಳಿದಿರುತ್ತದೆ. ಹಂತ 6ರಲ್ಲಿ ಹೀಲ್‌ಗೆ ಬೇಕಾದ ಅಂತರ ಇದೇ.

ಹಂತ 5: ಕಂಬ

ಕಂಬವನ್ನು ಬ್ರಷ್‌ನಿಂದ ಬಳಿದು ತೆಗೆಯಲು ಹೊರಡಬೇಡಿ. ಅದರ ಹಿಂದೆ ಹಾಯುವ ಗೆರೆಗಳನ್ನು ಒಂದೊಂದಾಗಿ ಸೇತುವೆಯಂತೆ ಕಟ್ಟಿ, ಆಮೇಲೆ ನಡುವಿನ ಗೋಡೆಯನ್ನು ತುಂಬಬೇಕು.

ಕಾರ್ನಿಸ್‌ನಿಂದ ಶುರುಮಾಡಿ. ಕಂಬದ ಎಡಕ್ಕೆ ತಾಗಿದಂತೆ 60 ಪಿಕ್ಸೆಲ್ ಅಗಲದ, ಕಾರ್ನಿಸ್‌ನ ಮೇಲೆ ಕೆಳಗೆ ಸ್ವಲ್ಪ ಹೆಚ್ಚೇ ಸೇರುವ ಒಂದು ಆಯತವನ್ನು ಮೂಲ ಲೇಯರ್‌ನಲ್ಲಿ ಆಯ್ದು, ನಕಲು ಮಾಡಿ, ಹೊಸ ಲೇಯರ್ ಆಗಿ ಅಂಟಿಸಿ. Move ಉಪಕರಣ ಹಿಡಿದು, ಆಯ್ಕೆಗಳಲ್ಲಿ ಲೇಯರ್ ಸರಿಸುವುದನ್ನೇ ಆರಿಸಿ, ಬಾಣದ ಕೀಲಿಗಳಿಂದ ಮೊದಲಿದ್ದ ಜಾಗದಿಂದ 60 ಪಿಕ್ಸೆಲ್ ಬಲಕ್ಕೆ, 5 ಪಿಕ್ಸೆಲ್ ಕೆಳಕ್ಕೆ ಕೂರಿಸಿ. ಕಂಬದ ಎಡ ಅರ್ಧ ಮುಚ್ಚಿತು. ಬಲಗಡೆಯಿಂದಲೂ ಇಷ್ಟೇ ಅಗಲದ ತುಂಡು ತೆಗೆದು 60 ಎಡಕ್ಕೆ, 5 ಮೇಲಕ್ಕೆ ಸರಿಸಿ. 110 ಪಿಕ್ಸೆಲ್ ಕಂಬದ ಮೇಲೆ ಎರಡು ತುಂಡುಗಳೂ ಸೇರಿ 120 ಆಗುವುದರಿಂದ ನಡುವೆ 10 ಪಿಕ್ಸೆಲ್ ಒಂದರ ಮೇಲೊಂದು ಬೀಳುತ್ತದೆ. ಮೇಲಿನ ತುಂಡಿಗೆ ಮಾಸ್ಕ್ ಹಾಕಿ ಆ 10 ಪಿಕ್ಸೆಲ್‌ನಲ್ಲಿ ಮೆತ್ತನೆಯ ಬ್ರಷ್‌ನಿಂದ ಕಪ್ಪು ಬಳಿದರೆ ಬೆಸುಗೆ ಕಾಣುವುದಿಲ್ಲ.

ಎರಡೂ ಕಡೆಯಿಂದ ಅರ್ಧರ್ಧ ತರುವುದಕ್ಕೆ ಎರಡು ಕಾರಣ. ಓರೆ ನೋಟದಲ್ಲಿ ಕಾರ್ನಿಸ್ ದೂರ ಹೋದಂತೆ ತೆಳ್ಳಗಾಗುತ್ತದೆ, ಒಂದೇ ಕಡೆಯಿಂದ ಉದ್ದನೆಯ ತುಂಡು ತಂದರೆ ಇನ್ನೊಂದು ತುದಿಯಲ್ಲಿ ದಪ್ಪ ಹೊಂದುವುದಿಲ್ಲ. ಹತ್ತಿರದಿಂದ ತಂದಾಗ ವ್ಯತ್ಯಾಸ ಒಂದು ಪಿಕ್ಸೆಲ್ ಒಳಗೇ ಇರುತ್ತದೆ. ಜೊತೆಗೆ ಗೋಡೆಯ ಬೆಳಕೂ ಎಡದಿಂದ ಬಲಕ್ಕೆ ಬದಲಾಗುತ್ತಿರುತ್ತದೆ. ಅರ್ಧರ್ಧ ತಂದರೆ ಆ ಬದಲಾವಣೆ ನಡುವೆ ಸಣ್ಣಗೆ ಹಂಚಿಹೋಗುತ್ತದೆ.

ಹೀಗೆಯೇ ಸಜ್ಜೆಯ ಅಂಚು, ಪಾಯದ ಪಟ್ಟಿ, ಕಾಂಪೌಂಡ್ ಗೋಡೆಯ ತಲೆ, ಫುಟ್‌ಪಾತ್ ಕಲ್ಲಿನ ಸಾಲು ಒಂದೊಂದಕ್ಕೂ ಅದರದೇ ಇಳಿಜಾರಿನ ಲೆಕ್ಕದಲ್ಲಿ ಸೇತುವೆ ಕಟ್ಟಿ. ಆಮೇಲೆ ಉಳಿಯುವುದು ಗಾರೆಯ ಬರೀ ಗೋಡೆ. ಅದನ್ನು ಕ್ಲೋನ್‌ನಿಂದ ತುಂಬಿ. ಸುಣ್ಣ ಬಳಿದ ಗೋಡೆಯಲ್ಲಿ ಮಳೆನೀರಿನ ಕಲೆಗಳಿರುತ್ತವೆ, ಒಂದೇ ಕಲೆ ಎರಡು ಕಡೆ ಕಂಡರೆ ಕೆಲಸ ಬಯಲಾಗುತ್ತದೆ. ಎರಡು ಮೂರು ಸಲ ಬಳಿದ ಮೇಲೆ ಮೂಲ ಜಾಗವನ್ನು ಬದಲಿಸುತ್ತಿರಿ.

ಕಂಬದ ಹಿಂದೆ ಕಿಟಕಿಯ ಅರ್ಧವೇ ಮರೆಯಾಗಿದ್ದರೆ ಹಂತ 1ರ ಪಕ್ಕದ ಫೋಟೋ ನೆರವಿಗೆ ಬರುತ್ತದೆ. ಅದಕ್ಕೂ ಅದೇ ಲೆನ್ಸ್ ತಿದ್ದುಪಡಿ ಮಾಡಿ, `File > Open as Layers` ಮೂಲಕ ತನ್ನಿ. `Opacity` 50 ಮಾಡಿದರೆ ಕೆಳಗಿನ ಫೋಟೋ ಕಾಣುತ್ತದೆ. Unified Transform ಅಥವಾ Perspective ಉಪಕರಣದಿಂದ ಕಿಟಕಿಯ ಸುತ್ತಲಿನ ಗೋಡೆಯಲ್ಲಿ ಎರಡರಲ್ಲೂ ಕಾಣುವ ನಾಲ್ಕು ಗುರುತುಗಳು ಒಂದರ ಮೇಲೊಂದು ಬರುವಂತೆ ಕೂರಿಸಿ. `Opacity` ಪುನಃ 100 ಮಾಡಿ, ಕಪ್ಪು ಮಾಸ್ಕ್ ಸೇರಿಸಿ, ಕಂಬವಿದ್ದ ಜಾಗದಲ್ಲಿ ಮಾತ್ರ ಬಿಳಿ ಬಳಿಯಿರಿ. ಇದು ಚಪ್ಪಟೆ ಗೋಡೆಗೆ ಮಾತ್ರ ಸರಿಹೋಗುತ್ತದೆ. ಗೋಡೆಯಿಂದ ಮುಂದೆ ಚಾಚಿದ ಸಜ್ಜೆ, ಮಂಕಿ ಟಾಪ್ ನೀವು ಸರಿದಾಗ ಬೇರೆ ಕೋನದಲ್ಲಿ ಕಂಡಿರುತ್ತವೆ, ಎಷ್ಟು ಎಳೆದರೂ ಕೂರುವುದಿಲ್ಲ. ಅವಕ್ಕೆ ತುಂಡುಗಳ ಸೇತುವೆಯೇ ಸರಿ.

ಪಕ್ಕದ ಫೋಟೋ ಇಲ್ಲದಿದ್ದರೆ, ಅದೇ ಸಾಲಿನಲ್ಲಿ ಅದೇ ಬಗೆಯ ಇನ್ನೊಂದು ಕಿಟಕಿ ಇರುವಾಗ Perspective Clone ಬಳಸಿ. `Modify Perspective` ಸ್ಥಿತಿಯಲ್ಲಿ ಚೌಕಟ್ಟಿನ ನಾಲ್ಕು ಮೂಲೆಗಳನ್ನು ಗೋಡೆಯ ಮೇಲಿನ ಗೆರೆಗಳಿಗೆ ಹೊಂದಿಸಿ, ಆಮೇಲೆ `Perspective Clone` ಸ್ಥಿತಿಗೆ ಬಂದು ಆ ಕಿಟಕಿಯಿಂದ ನಕಲು ತೆಗೆದರೆ ದೂರಕ್ಕೆ ತಕ್ಕಂತೆ ಗಾತ್ರ ಕಿರಿದಾಗಿಯೇ ಬರುತ್ತದೆ. ಮಾಮೂಲಿ ಕ್ಲೋನ್‌ನಲ್ಲಿ ಹತ್ತಿರದ ಕಿಟಕಿಯ ಗಾತ್ರವೇ ದೂರದ ಕಿಟಕಿಗೂ ಬಂದುಬಿಡುತ್ತದೆ.

ಕಂಬ ಹೋದ ಮೇಲೆ ಅದರ ಪರಿವಾರವನ್ನೂ ಹುಡುಕಿ. ಗೋಡೆಯ ಮೇಲೆ ಬಿದ್ದ ಕಂಬದ ನೆರಳು, ರಸ್ತೆಯ ಮೇಲೆ ಚಾಚಿದ ನೆರಳು, ಬುಡದ ಸಿಮೆಂಟ್ ಕಟ್ಟೆ, ಓರೆಯಾಗಿ ನೆಲಕ್ಕೆ ಬಿಗಿದ ಸ್ಟೇ ತಂತಿ, ಕೇಬಲ್ ಟಿವಿಯವರು ಸುತ್ತಿಟ್ಟ ಸುರುಳಿ, ಗಾಜಿನ ಕಿಟಕಿಯಲ್ಲಿ ಅಥವಾ ನಿಂತ ಕಾರಿನ ಮೇಲೆ ಕಾಣುವ ಪ್ರತಿಬಿಂಬ ಇವೆಲ್ಲ ಉಳಿದುಬಿಡುತ್ತವೆ. ಸರ್ವಿಸ್ ವೈರ್ ಅಳಿಸಿದರೆ ಅದು ಬಂದು ಸೇರುವ ಗೋಡೆಯ ಕೊಳವೆ, ಪಿಂಗಾಣಿ ಬಿಲ್ಲೆಗಳನ್ನೂ ಅಳಿಸಬೇಕು. ತಂತಿಯ ಮೇಲೆ ಕೂತಿದ್ದ ಕಾಗೆಯನ್ನು ಮರೆಯಬೇಡಿ, ತಂತಿ ಹೋದ ಮೇಲೆ ಅದು ಗಾಳಿಯಲ್ಲಿ ಕೂತಿರುತ್ತದೆ.

ನೆರಳು ತೆಗೆಯುವಾಗ ಒಂದು ಎಚ್ಚರ. ಕಂಬದ ನೆರಳು ಕಾರ್ನಿಸ್ ಮೇಲೆ ಬಂದ ಕಡೆ ಮುರಿದು ಪಕ್ಕಕ್ಕೆ ಸರಿದಿರುತ್ತದೆ, ಏಕೆಂದರೆ ಕಾರ್ನಿಸ್ ಗೋಡೆಯಿಂದ ಹೊರಗೆ ಚಾಚಿದೆ. ಗೋಡೆಯ ಮೇಲಿನದನ್ನಷ್ಟೇ ತೆಗೆದು, ಸರಿದು ನಿಂತ ಆ ಸಣ್ಣ ತುಂಡನ್ನು ಬಿಟ್ಟವರೇ ಹೆಚ್ಚು.

ಹಂತ 6: ಆಕಾಶ

ಈಗ `Layer > New from Visible` ಕೊಟ್ಟು ಇದುವರೆಗಿನ ಕೆಲಸವೆಲ್ಲ ಸೇರಿದ ಹೊಸ ಲೇಯರ್ ಮಾಡಿಕೊಳ್ಳಿ, ಅದು ಎಲ್ಲಕ್ಕಿಂತ ಮೇಲಿರಲಿ. ಸುತ್ತಲಿನ ಬಣ್ಣ ನೋಡಿ ಹೊಂದಿಸುವುದು ಹೀಲ್‌ನ ಕೆಲಸ, GIMPನಲ್ಲಿ ಖಾಲಿ ಲೇಯರ್ ಮೇಲೆ ಅದು ಸರಿಯಾಗಿ ಮಾಡುವುದಿಲ್ಲ. ಅದಕ್ಕೆ ತುಂಬಿದ ಲೇಯರ್ ಬೇಕು.

Heal ಉಪಕರಣ, ಬ್ರಷ್ 16, ಹದ ಮೆತ್ತಗೆ. ಮೂಲ ಜಾಗ ತಂತಿಗಿಂತ 25 ಪಿಕ್ಸೆಲ್ ಮೇಲೆ. ತಂತಿಯ ಒಂದು ತುದಿಯಲ್ಲಿ ಕ್ಲಿಕ್ ಮಾಡಿ, 150 ಪಿಕ್ಸೆಲ್ ಮುಂದೆ ಹೋಗಿ Shift ಒತ್ತಿ ಕ್ಲಿಕ್ ಮಾಡಿದರೆ ನಡುವೆ ನೇರವಾಗಿ ಬಳಿದುಕೊಳ್ಳುತ್ತದೆ. ತಂತಿ ತನ್ನ ಭಾರಕ್ಕೆ ಜೋತಿರುವುದರಿಂದ ಒಂದೇ ಸಲ ಇಡೀ ಉದ್ದ ಎಳೆದರೆ ಬ್ರಷ್ ನಡುವೆ ತಂತಿಯಿಂದ ಆಚೆ ಹೋಗುತ್ತದೆ. ಸಣ್ಣ ಸಣ್ಣ ಹೆಜ್ಜೆಯಲ್ಲಿ ಆ ಬಾಗು ತೊಂದರೆ ಕೊಡುವುದಿಲ್ಲ.

ಐದು ತಂತಿಗಳು ಒಂದರ ಪಕ್ಕ ಒಂದಿದ್ದರೆ ಹೊರಗಿನದರಿಂದ ಆರಂಭಿಸಿ. ಅದು ಹೋದ ಮೇಲೆ ಆ ಖಾಲಿ ಆಕಾಶವೇ ಮುಂದಿನ ತಂತಿಗೆ ಮೂಲ. ನಡುವಿನ ತಂತಿಯಿಂದ ಹೊರಟರೆ ಪಕ್ಕದ ತಂತಿಯೇ ನಕಲಾಗಿ ಬರುತ್ತದೆ. ಕಟ್ಟಡದ ಹತ್ತಿರ ಬಂದಾಗ ಒಂದು ಬ್ರಷ್ ಅಗಲ ಮೊದಲೇ ನಿಲ್ಲಿಸಿ. ಆಕಾಶವನ್ನು ಸೆಲೆಕ್ಷನ್ ಮಾಡಿಕೊಂಡರೆ ಅಂಚಿನವರೆಗೂ ಹೀಲ್ ಮಾಡಬಹುದು ಎಂದು ಕೆಲವರು ನಂಬುತ್ತಾರೆ. ಸೆಲೆಕ್ಷನ್ ಬಣ್ಣ ಗೋಡೆಯ ಮೇಲೆ ಬೀಳದಂತೆ ತಡೆಯುತ್ತದೆ ನಿಜ. ಆದರೆ ಹೀಲ್ ಬಣ್ಣ ಹೊಂದಿಸುವಾಗ ಪಕ್ಕದ ಗೋಡೆಯನ್ನು ನೋಡುವುದನ್ನು ಅದು ತಡೆಯುವುದಿಲ್ಲ, ಮಬ್ಬು ಆಗಲೂ ಬರುತ್ತದೆ.

ಮರದ ಎಲೆಗಳ ನಡುವೆ ಹಾಯುವ ತಂತಿಗೆ ಹೀಲ್ ಬೇಡ, ಎಲೆಗಳು ಹಿಟ್ಟಿನಂತಾಗುತ್ತವೆ. ಕ್ಲೋನ್‌ನಿಂದ, ಬೇರೆ ಬೇರೆ ಕೊಂಬೆಗಳಿಂದ ಸಣ್ಣ ಸಣ್ಣ ಕ್ಲಿಕ್‌ಗಳಲ್ಲಿ ಮುಚ್ಚಿ.

ಹಂತ 7: ತಪ್ಪು ಹುಡುಕುವುದು

300 ಪ್ರತಿಶತದಲ್ಲಿ ಸರಿ ಕಂಡದ್ದು ಪೂರ್ತಿ ಫೋಟೋದಲ್ಲಿ ಸೊಟ್ಟ ಕಾಣಬಹುದು. ಫೋಟೋವನ್ನು 25 ಪ್ರತಿಶತಕ್ಕೆ ಇಳಿಸಿ, ಕಾರ್ನಿಸ್ ಗುಂಟ ಕಣ್ಣು ಹಾಯಿಸಿ. ಗೆರೆಯಲ್ಲಿ ತಡೆ ಇದ್ದರೆ ಇಲ್ಲಿ ತಿಳಿಯುತ್ತದೆ. ಅನುಮಾನ ಬಂದ ಕಡೆ Measure ಉಪಕರಣದ ಗೆರೆಯನ್ನು ತೇಪೆಯ ಈಚೆಯಿಂದ ಆಚೆಗೆ ಎಳೆಯಿರಿ. ತೇಪೆಯ ಅಂಚು ಆ ಗೆರೆಗಿಂತ ಮೇಲಿದೆಯೋ ಕೆಳಗಿದೆಯೋ ನೇರ ಕಾಣುತ್ತದೆ. ತುಂಡುಗಳು ಇನ್ನೂ ಬೇರೆ ಲೇಯರ್‌ಗಳಲ್ಲೇ ಇರುವುದರಿಂದ ಅದೊಂದನ್ನೇ ಬಾಣದ ಕೀಲಿಯಿಂದ ಒಂದು ಪಿಕ್ಸೆಲ್ ಸರಿಸಬಹುದು. ಆದರೆ ಹಾಗೆ ಸರಿಸಿದರೆ ಹಂತ 6ರ ಲೇಯರ್‌ನಲ್ಲಿ ಹಳೆಯ ಸ್ಥಿತಿಯೇ ಇರುತ್ತದೆ. ಅದಕ್ಕೆ ಮಾಸ್ಕ್ ಹಾಕಿ, ಕಟ್ಟಡದ ಜಾಗವನ್ನು ಕಪ್ಪಾಗಿಸಿ. ಆಗ ಅದರಿಂದ ಆಕಾಶ ಮಾತ್ರ ಕಾಣುತ್ತದೆ, ಮನೆ ಕೆಳಗಿನ ಲೇಯರ್‌ಗಳಿಂದ ಕಾಣುತ್ತದೆ.

ಆಕಾಶದ ತೇಪೆಗಳಿಗೆ ಬೇರೆ ಪರೀಕ್ಷೆ. ಇನ್ನೊಮ್ಮೆ `New from Visible` ಮಾಡಿ, ಆ ಲೇಯರ್ ಮೇಲೆ `Colors > Curves` ತೆರೆದು ಆಕಾಶದ ಬೆಳಕಿನ ಭಾಗದಲ್ಲಿ ಗೆರೆಯನ್ನು ಕಡಿದಾಗಿ ನಿಲ್ಲಿಸಿ. ಮಾಮೂಲಿ ಕಣ್ಣಿಗೆ ಕಾಣದ ಪಟ್ಟೆಗಳು, ಹಳೆಯ ತಂತಿಯ ದಾರಿ ಎದ್ದು ಕಾಣುತ್ತವೆ. ಎಲ್ಲೆಲ್ಲಿ ಎಂದು ನೋಡಿಕೊಂಡು ಆ ಲೇಯರ್ ಅಳಿಸಿ, ಆಕಾಶದ ಲೇಯರ್‌ನಲ್ಲಿ ಸರಿಪಡಿಸಿ. ಈ ಸಲ ಮೂಲ ಜಾಗ ತಂತಿಯ ಕೆಳಗಡೆಯಿಂದ ಇರಲಿ.

ಲೇಯರ್‌ಗಳ ಸಮೇತ XCF ಕಡತವಾಗಿ ಉಳಿಸಿ, ಹಂಚಲು `File > Export As` ನಿಂದ JPEG ಮಾಡಿ, `Quality` 90ಕ್ಕಿಂತ ಮೇಲಿರಲಿ. ಸುದ್ದಿಗೆ ಅಥವಾ ಹಳೆಯ ಕಟ್ಟಡಗಳ ದಾಖಲೆಗೆ ಕೊಡುವ ಫೋಟೋ ಆದರೆ ತಂತಿ ಇರುವ ಮೂಲವನ್ನೇ ಕೊಡಿ. ಅಳಿಸಿದ ಪ್ರತಿಯನ್ನು ಬೇರೆಲ್ಲಾದರೂ ಹಾಕುವಾಗ, ಕಂಬ ಮತ್ತು ತಂತಿ ತೆಗೆಯಲಾಗಿದೆ ಎಂದು ಅಡಿಬರಹದಲ್ಲಿ ಒಂದು ಸಾಲು ಬರೆಯಿರಿ.